ಓದದೆ ಬಿಟ್ಟ ಚೆಕ್ಕುಬಂದಿ

ಸೇತುರಾಮಯ್ಯನವರಿಗೆ ತಮ್ಮ ಗಂಟಲಿನ ಬಗ್ಗೆ ಬಲು ಹೆಮ್ಮೆ. ರಾಜಾಜಿನಗರದ ನಮ್ಮ ವಠಾರದಲ್ಲಿ ಅವರ ಮನೆ ನಮ್ಮ ಮನೆಯ ಎದುರಿಗೇ. ಬೆಳಿಗ್ಗೆ ಅವರು ಪಂಚಾಂಗ ಓದಲು ಕೂತರೆ, ಕೊಳಾಯಿಯ ಹತ್ತಿರ ಬಿಂದಿಗೆ ಹಿಡಿದು ನಿಂತವರೆಲ್ಲ ಬೇಕೋ ಬೇಡವೋ ಆ ದಿನದ ತಿಥಿ, ನಕ್ಷತ್ರ, ರಾಹುಕಾಲ ತಿಳಿದುಕೊಂಡೇ ನೀರು ಹಿಡಿಯಬೇಕು. "ಮಾಮ, ರೇಡಿಯೋದವರು ನಿಮ್ಮನ್ನ ಕರೆದುಕೊಂಡು ಹೋಗಿಲ್ಲವಲ್ಲ, ನಮ್ಮ ಕರ್ಮ" ಎಂದು ನಾನು ಛೇಡಿಸುತ್ತಿದ್ದೆ. ಅವರು ಕನ್ನಡಕದ ಮೇಲಿಂದ ನೋಡಿ ಇನ್ನೂ ಜೋರಾಗಿ ಓದುತ್ತಿದ್ದರು. ಹೋದ ತಿಂಗಳು ಅವರು ತೀರಿಕೊಂಡರು. ಆ ಓದು ಅದಕ್ಕೂ ಎಷ್ಟೋ ಮೊದಲೇ ನಿಂತಿತ್ತು; ಈಗ ಕೊಳಾಯಿಯ ಹತ್ತಿರ ನೀರಿನ ಸದ್ದೊಂದೇ ಕೇಳಿಸುತ್ತದೆ.

ಅವರ ಕಸುಬು ಪತ್ರ ಬರೆಯುವುದು. ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರಿನ ಹೊಂಗೆ ಮರದ ಕೆಳಗೆ ಒಂದು ಮೇಜು, ಒಂದು ಕುರ್ಚಿ, ಬರೆಸಲು ಬಂದವರಿಗೆ ಒಂದು ಬೆಂಚು. ಕ್ರಯಪತ್ರ, ಭೋಗ್ಯಪತ್ರ, ದಾನಪತ್ರ, ಯಾವುದೇ ಇರಲಿ, ಮುತ್ತಿನಂಥ ಅಕ್ಷರ. ಕೊನೆಯಲ್ಲಿ "ಈ ಪತ್ರವನ್ನು ಓದಿ ಹೇಳಲಾಗಿ ಕೇಳಿ ಒಪ್ಪಿ ಹಾಕಿದ ಹೆಬ್ಬೆಟ್ಟಿನ ಗುರುತು" ಎಂಬ ಸಾಲು, ಅದರ ಕೆಳಗೆ ಬರೆದವರ ರುಜು, "ಬಿಕ್ಕಲಂ ಸೇತುರಾಮ". ಆ ಸಾಲನ್ನು ಎಲ್ಲ ಬರಹಗಾರರೂ ಬರೆಯುತ್ತಾರೆ. ಓದಿ ಹೇಳುವವರು ಎಷ್ಟು ಜನವೋ ಆ ದೇವರಿಗೇ ಗೊತ್ತು. ಸೇತುರಾಮಯ್ಯನವರು ಮಾತ್ರ ನಿಜವಾಗಿಯೂ ಓದುತ್ತಿದ್ದರು. ಓದು ಬಾರದ ಹೆಂಗಸರು ಬಂದರಂತೂ ಎದ್ದು ನಿಂತು, ಪಕ್ಕದ ಸೋಡಾ ಅಂಗಡಿಗೂ ಕೇಳಿಸುವಂತೆ ಓದುತ್ತಿದ್ದರು. ಮೂವತ್ತು ವರ್ಷ ಹಾಗೆ ಓದಿದರು, ಒಂದು ಬುಧವಾರದ ಹೊರತು.

ಆ ಬುಧವಾರದ ಕಥೆ ನನಗೆ ಗೊತ್ತಾದದ್ದು ಟೈಪ್‌ರೈಟರ್ ಮುಂದೆ. ನಾನು ವಕೀಲ ಶ್ಯಾಮಸುಂದರ ಅವರ ಕಚೇರಿಯಲ್ಲಿ ಟೈಪಿಸ್ಟು. ಎಪ್ಪತ್ತೈದನೇ ಇಸವಿಯಲ್ಲಿ ನಾಗರಭಾವಿ ಕಡೆಯ ಹಳ್ಳಿಯಿಂದ ಮುನಿತಾಯಮ್ಮ ಎಂಬ ಮುದುಕಿ ಬಂದಳು. ಗಂಡನಿಲ್ಲ, ಮಕ್ಕಳಿಲ್ಲ. ಗುಡ್ಡದ ಕಡೆ ಒಂದು ಹೊಲ, ಊರ ಪಕ್ಕದಲ್ಲಿ ಬಾವಿ ಇರುವ ಒಂದು ತೋಟ, ತೋಟದೊಳಗೆ ಮನೆ, ಇಷ್ಟು ಅವಳ ಆಸ್ತಿ. ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಮೈದುನನ ಮಗ ಬೈರಯ್ಯ. ಎಪ್ಪತ್ತರಲ್ಲಿ ಹೊಲವನ್ನು ಅವನಿಗೇ ಕ್ರಯಕ್ಕೆ ಕೊಡಲು ಅವಳು ಒಪ್ಪಿದಳು. ಅವನು ಪತ್ರದಲ್ಲಿ ಹೊಲದ ಜೊತೆಗೆ ತೋಟ, ಮನೆಯನ್ನೂ ಸೇರಿಸಿ ಬರೆಸಿದ. ಈಗ ಮನೆಗೆ ಬೀಗ ಜಡಿದು, ತೋಟದ ಬಾಳೆ ಕಡಿಸಿ, ಸೈಟಿನ ಕಲ್ಲು ನೆಡಿಸಿದ್ದಾನೆ. ಮುದುಕಿ ಯಾರದೋ ದನದ ಕೊಟ್ಟಿಗೆಯಲ್ಲಿ ಮಲಗುತ್ತಾಳೆ.

ದಾವಾ ಅರ್ಜಿಗೆಂದು ಆ ಪತ್ರದ ನಕಲನ್ನು ಟೈಪ್ ಮಾಡುತ್ತಾ ಕೊನೆಯ ಸಾಲಿಗೆ ಬಂದೆ. ಬಿಕ್ಕಲಂ ಸೇತುರಾಮ. ನನ್ನ ಬೆರಳು ಅಲ್ಲೇ ನಿಂತಿತು.

ಸಂಜೆ ಮನೆಗೆ ಹೋದವಳೇ ಕೇಳಿದೆ. ಅವರಿಗೆ ನೆನಪು ಬರಲು ಹೊತ್ತು ಹಿಡಿಯಲಿಲ್ಲ. ಐದು ವರ್ಷದಿಂದ ಆ ದಿನ ಅವರ ಎದೆಯಲ್ಲೇ ಕೂತಿದ್ದಂತೆ ಕಂಡಿತು.

"ಬುಧವಾರ ಕಣಮ್ಮಾ, ಹನ್ನೆರಡಕ್ಕೆ ರಾಹುಕಾಲ" ಎಂದರು. "ಬಸ್ಸು ತಡವಾಗಿ ಅವರು ಬಂದದ್ದೇ ಹನ್ನೊಂದೂವರೆಗೆ. ಬೈರಯ್ಯ ಸರ್ವೆ ನಂಬರಿನ ಚೀಟಿ ಮೊದಲೇ ಕೊಟ್ಟಿದ್ದ, ಪತ್ರ ಬರೆದಿಟ್ಟಿದ್ದೆ. ಕ್ರಯಪತ್ರ ಕಣಮ್ಮ, ಜಮೀನು ಮಾರ್ತಾ ಇದೀಯ ಅಂತ ಹೇಳಿ ಓದ್ತಾ ಬಂದೆ. ಷೆಡ್ಯೂಲಿಗೆ ಬರೋ ಹೊತ್ತಿಗೆ ಹನ್ನೆರಡಕ್ಕೆ ಐದು ನಿಮಿಷ. ಆಯಮ್ಮ ಎದ್ದು ನಿಂತುಬಿಟ್ಟಳು. ರಾಹುಕಾಲದಲ್ಲಿ ಒತ್ತಲ್ಲ ಸ್ವಾಮಿ ಅಂದಳು. ಚೆಕ್ಕುಬಂದಿ ಎಲ್ಲಾ ನಮ್ಮ ದೊಡ್ಡವ್ವಂಗೆ ಗೊತ್ತಿರೋದೇ, ಬಿಡಿ ಅಂದ ಅವನು. ಬಿಟ್ಟೆ."

ಯಾವ ಜಮೀನು, ಅದರ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಪತ್ರದ ಕೊನೆಯ ಷೆಡ್ಯೂಲಿನಲ್ಲಿ ಬರೆಯುವ ಎಲ್ಲೆಯ ವಿವರವೇ ಚೆಕ್ಕುಬಂದಿ. ತೋಟವೂ ಮನೆಯೂ ಅಡಗಿದ್ದದ್ದು ಅಲ್ಲೇ. ಕಚೇರಿಯೊಳಗೆ ಸಬ್‌ರಿಜಿಸ್ಟ್ರಾರು "ಕ್ರಯಕ್ಕೆ ಕೊಟ್ಟಿದೀಯೇನಮ್ಮಾ?" ಎಂದಾಗ ಅವಳು ಹೊಲವನ್ನು ನೆನೆದುಕೊಂಡು ಹೂಂ ಎಂದಿದ್ದಳು.

"ನಾನು ಸಾಕ್ಷಿ ಹೇಳ್ತೀನಿ" ಎಂದರು ಸೇತುರಾಮಯ್ಯನವರು. "ಓದಿ ಹೇಳಿದೆ ಅಂತ ಬರೆದೆ, ಓದಲಿಲ್ಲ. ಅದನ್ನ ಕೋರ್ಟಲ್ಲಿ ಒಪ್ಕೋತೀನಿ. ಆಯಮ್ಮನ ತೋಟ ಆಯಮ್ಮನಿಗೆ ಬರಲಿ." ಹಾಗೆ ಒಪ್ಪಿಕೊಂಡರೆ ಮತ್ತೆ ಯಾರೂ ಅವರ ಮೇಜಿಗೆ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆವತ್ತು ಅವರ ಬಗ್ಗೆ ನನಗೆ ತುಂಬ ಅಭಿಮಾನ ಬಂತು.

ಅಭಿಮಾನ ನೀರಾಗತೊಡಗಿದ್ದು ಅವರ ಸಾಕ್ಷಿಯ ಹಿಂದಿನ ವಾರ. ಶ್ಯಾಮಸುಂದರ ಅವರು ಹಣೆ ತಿಕ್ಕಿಕೊಳ್ಳುತ್ತಾ ಕೂತಿದ್ದರು. ಮುನಿತಾಯಮ್ಮ ಪಾಟೀಸವಾಲಿನಲ್ಲಿ ಒಂದು ಮಾತು ಹೇಳಿಬಿಟ್ಟಿದ್ದಳು. ಎಪ್ಪತ್ತೊಂದರ ಯುಗಾದಿ ಕಳೆದ ಮೇಲೆ ಕಂದಾಯ ಕಟ್ಟಲು ಶ್ಯಾನುಭೋಗರ ಹತ್ತಿರ ಹೋದಾಗಲೇ, ತೋಟ ಬೈರಯ್ಯನ ಹೆಸರಿಗೆ ಹೋಗಿರುವುದು ಗೊತ್ತಾಯಿತು ಎಂದು. ಆಗ ಅವಳು ಬೈರಯ್ಯನನ್ನು ಕೇಳಿದ್ದಳಂತೆ. "ಕಾಗದದಲ್ಲಿ ಹೆಸರಿದ್ರೆ ಏನಾಯ್ತು ದೊಡ್ಡವ್ವ? ನೀ ಇರೋಗಂಟ ನಿಂದೇ" ಎಂದನಂತೆ. ಎತ್ತಿ ಆಡಿಸಿದ ಹುಡುಗ. ಅವಳು ನಂಬಿ ನಾಲ್ಕು ವರ್ಷ ಸುಮ್ಮನಿದ್ದಳು.

"ಅದರಿಂದ ಏನಾಗುತ್ತೆ ಸಾರ್?" ಎಂದೆ.

"ಎಲ್ಲಾ ಆಗುತ್ತೆ ಕೋಕಿಲಾ" ಎಂದರು ಅವರು. "ಅದು ಎಂಥ ಪತ್ರ ಅನ್ನೋದನ್ನೇ ಮರೆಮಾಚಿ, ಸಾಲದ ಕಾಗದ ಅಂತಲೋ ಏನೋ ಹೇಳಿ ಕ್ರಯಪತ್ರಕ್ಕೆ ಒತ್ತಿಸಿಕೊಂಡಿದ್ರೆ, ಆ ಪತ್ರ ವಾಯ್ಡ್. ಹುಟ್ಟಲೇ ಇಲ್ಲ ಅಂತ ಲೆಕ್ಕ. ರದ್ದು ಮಾಡೋಕೆ ಅಲ್ಲಿ ಏನೂ ಇಲ್ಲ, ಸ್ವಾಧೀನ ವಾಪಸ್ ಕೇಳೋಕೆ ಹನ್ನೆರಡು ವರ್ಷ ಇರುತ್ತೆ. ಆದ್ರೆ ಇದು ಕ್ರಯಪತ್ರ ಅಂತ ಗೊತ್ತಿತ್ತು, ಒಳಗಿನ ವಿವರದಲ್ಲಿ ಮೋಸ ಆಯ್ತು ಅಂದ್ರೆ, ಅದು ವಾಯ್ಡಬಲ್. ಕೋರ್ಟು ರದ್ದು ಮಾಡೋವರೆಗೂ ಪತ್ರ ನಿಂತಿರುತ್ತೆ. ಮನೆಯವನು ಅನ್ನೋ ಸಲಿಗೆಯಿಂದ ಒತ್ತಡ ತಂದ ಅಂದ್ರೂ ಹಾಗೇನೇ. ರದ್ದು ಮಾಡಿಸೋಕೆ ಮೋಸ ಗೊತ್ತಾದ ದಿನದಿಂದ ಮೂರೇ ವರ್ಷ. ಅದು ಎಪ್ಪತ್ನಾಲ್ಕಕ್ಕೆ ಮುಗೀತು."

ಎಂಥ ಕಾಗದ ಎಂದು ನಿನಗೆ ಹೇಳಿದ್ದರಮ್ಮಾ ಎಂದು ಎದುರು ವಕೀಲರು ಕೇಳಿದ್ದಕ್ಕೆ ಮುನಿತಾಯಮ್ಮ, "ಹೊಲದ ಕಾಗದ ಅಂದ್ರು. ಮಿಕ್ಕಿದ್ದು ಬರ್ದ ಸ್ವಾಮ್ಯೋರ್ನೇ ಕೇಳಿ. ಅವ್ರು ಸುಳ್ಳು ಹೇಳಾಕಿಲ್ಲ" ಎಂದಿದ್ದಳು. ಎಲ್ಲವೂ ಈಗ ಸೇತುರಾಮಯ್ಯನವರ ಒಂದು ಮಾತಿನ ಮೇಲೆ ನಿಂತಿತು.

ಸುಳ್ಳು ಹೇಳಿಸುವ ವಕೀಲರಲ್ಲ ನಮ್ಮವರು. ನಾನು ಅಷ್ಟು ಒಳ್ಳೆಯವಳಲ್ಲ. ಸಾಕ್ಷಿಯ ದಿನ ಬೆಳಿಗ್ಗೆ ಕೊಳಾಯಿಯ ಹತ್ತಿರ ಅವರನ್ನು ಹಿಡಿದೆ. ಬಿಂದಿಗೆ ತುಂಬಿ ಹರಿಯುತ್ತಿದ್ದರೂ ನೋಡಲಿಲ್ಲ.

"ಮಾಮ, ಭೋಗ್ಯದ ಕಾಗದ ಅಂತ ಹೇಳಿದ್ದೆ ಅಂದುಬಿಡಿ. ಒಂದೇ ಒಂದು ಮಾತು. ಮುದುಕಿ ಮನೆ ಉಳಿಯುತ್ತೆ."

ಅವರು ಕೊಳಾಯಿ ನಿಲ್ಲಿಸಿದರು. "ಕ್ರಯಪತ್ರ ಅಂತಲೇ ಹೇಳಿದ್ದೆನಲ್ಲಮ್ಮಾ."

"ಗೊತ್ತು. ಆ ಬೈರಯ್ಯ ಮಾಡಿದ್ದರ ಮುಂದೆ ಇದು ಯಾವ ಪಾಪ?"

"ಓದಿದೆ ಅಂತ ಒಂದು ಸುಳ್ಳು ಬರೆದಿದ್ದಕ್ಕೆ ಆಯಮ್ಮ ಬೀದಿಗೆ ಬಿದ್ದಿದಾಳೆ" ಎಂದರು. "ದೇವರ ಮುಂದೆ ಪ್ರಮಾಣ ಮಾಡಿ ಇನ್ನೊಂದು ಹೇಳು ಅಂತೀಯಾ? ನನ್ನ ಕೈಲಿ ಆಗಲ್ಲ ಕಣೇ ಕೋಕಿಲಾ." ಅವರ ಗಂಟಲು ಅಷ್ಟು ಸಣ್ಣದಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. ನನಗೆ ರೇಗಿತು. "ಹೋಗಿ, ನಿಮ್ಮ ಪುಣ್ಯ ನಿಮಗಿರಲಿ, ಅವಳು ಕೊಟ್ಟಿಗೆಯಲ್ಲಿ ಸಾಯಲಿ" ಎಂದುಬಿಟ್ಟೆ. ಆ ಮಾತನ್ನು ಈಗ ಯಾರ ಹತ್ತಿರ ವಾಪಸ್ ತೆಗೆದುಕೊಳ್ಳಲಿ?

ಕೋರ್ಟಿನಲ್ಲಿ ಅವರು ನಡೆದದ್ದನ್ನು ನಡೆದ ಹಾಗೇ ಹೇಳಿದರು. ಷೆಡ್ಯೂಲು ಓದಲಿಲ್ಲ, ಓದಿದೆ ಎಂದು ಬರೆದದ್ದು ತಪ್ಪು ಎಂದರು. ಬಾಗಿಲ ಹತ್ತಿರ ಕೂತಿದ್ದ ಮುನಿತಾಯಮ್ಮ ತಲೆಯಾಡಿಸುತ್ತಿದ್ದಳು. ಎದುರು ವಕೀಲರು ಎದ್ದು ಒಂದೇ ಪ್ರಶ್ನೆ ಕೇಳಿದರು.

"ಇದು ಕ್ರಯಪತ್ರ ಅಂತ ಆಕೆಗೆ ಹೇಳಿದಿರೋ, ಇಲ್ಲವೋ?"

"ಹೇಳಿದೆ."

ಅದಕ್ಕೂ ಮುನಿತಾಯಮ್ಮ ತಲೆಯಾಡಿಸಿದಳು.

ತೀರ್ಪು ಬಂದದ್ದು ಎಪ್ಪತ್ತೇಳರಲ್ಲಿ. ಅದನ್ನು ನಾನು ಮೂರು ಸಲ ಓದಿದೆ. ಮುದುಕಿ ಹೇಳಿದ್ದು ನಿಜ, ಬರಹಗಾರನ ಸಾಕ್ಷ್ಯ ನಂಬತಕ್ಕದ್ದು, ಬೈರಯ್ಯ ಮಾಡಿದ್ದು ಮೋಸ ಎಂದು ಮುನ್ಸಿಫರು ಒಂದೊಂದನ್ನೂ ಬಿಡಿಸಿ ಬರೆದಿದ್ದರು. ಆದರೆ ಮೋಸ ಪತ್ರದ ಒಳಗಿನ ವಿವರದ್ದು, ಗೊತ್ತಾಗಿ ಮೂರು ವರ್ಷ ಮೀರಿದ ಮೇಲೆ ದಾವಾ ಹಾಕಿದ್ದಾಳೆ, ಆದ್ದರಿಂದ ವಜಾ. ಎಲ್ಲ ಸರಿ ಎಂದು ಹೇಳಿ ಕೈಗೆ ಏನೂ ಕೊಡದ ಆ ಹಾಳೆಗಳನ್ನು ಹರಿದು ಹಾಕಬೇಕು ಅನ್ನಿಸಿತು. ಅಪೀಲಿನ ಮಾತೆತ್ತಿದರೆ ಮುನಿತಾಯಮ್ಮ ಕೈಮುಗಿದು, ಸಾಕು ಎಂದಳು.

ಸೇತುರಾಮಯ್ಯನವರು ಮತ್ತೆ ಪತ್ರ ಬರೆಯಲಿಲ್ಲ. ಆದರೂ ದಿನಾ ಹೋಗಿ ಹೊಂಗೆ ಮರದ ಕೆಳಗಿನ ಬೆಂಚಿನಲ್ಲಿ ಕೂರುತ್ತಿದ್ದರು. ಹೆಬ್ಬೆಟ್ಟಿನ ಜನ ಯಾರಾದರೂ ಪತ್ರ ಹಿಡಿದು ಬಂದರೆ, ಇಸಿದುಕೊಂಡು ಓದಿ ಹೇಳುತ್ತಿದ್ದರು. ಮೊದಲು ಚೆಕ್ಕುಬಂದಿ, ಆಮೇಲೆ ಮಿಕ್ಕಿದ್ದು. ಬೇರೆ ಬರಹಗಾರರು ನಕ್ಕರೂ ಬಿಡಲಿಲ್ಲ. ಬೆಳಗಿನ ಪಂಚಾಂಗ ಮಾತ್ರ ನಿಂತುಹೋಯಿತು.

ಮಾರನೆಯ ವರ್ಷ ಒಂದು ಮಧ್ಯಾಹ್ನ ನಾನು ಯಾವುದೋ ನಕಲಿಗೆಂದು ಆ ಕಚೇರಿಗೆ ಹೋಗಿದ್ದೆ. ಬೆಂಚಿನ ಮೇಲೆ ಅವರ ಪಕ್ಕ ಮುನಿತಾಯಮ್ಮ ಕೂತಿದ್ದಳು. ಸೊರಗಿ ಹೋಗಿದ್ದಳು. ಸೆರಗಿನಿಂದ ಆ ಪತ್ರದ ನಕಲು ತೆಗೆದು ಅವರ ಮುಂದೆ ಹಿಡಿದಳು.

"ಅವತ್ತು ಓದ್ನಿಲ್ವಲ್ಲ ಸ್ವಾಮಿ, ಅದ್ನ ಈಗ ಓದಿ. ಕೇಳ್ಬೇಕು ಅನ್ನುಸ್ತು."

ಅವರು ಎದ್ದು ನಿಂತರು. ಹಿಂದಿನ ಗಂಟಲಿನಲ್ಲೇ, ಸೋಡಾ ಅಂಗಡಿಗೂ ಕೇಳಿಸುವಂತೆ ಓದಿದರು. ಮೊದಲು ಗುಡ್ಡದ ಹೊಲದ್ದು, ಆಮೇಲೆ ತೋಟದ್ದು. ಪೂರ್ವಕ್ಕೆ ಮರಿಯಪ್ಪನ ರಾಗಿ ಹೊಲ. ಪಶ್ಚಿಮಕ್ಕೆ ಹಳ್ಳ. ಉತ್ತರಕ್ಕೆ ಊರ ಓಣಿ. ದಕ್ಷಿಣಕ್ಕೆ ಪಾಪಮ್ಮನ ಹಿತ್ತಲು. ಇದರ ಮಧ್ಯೆ ಇರುವ ತೋಟ, ಕಲ್ಲು ಕಟ್ಟಿದ ಬಾವಿ ಒಂದು, ಹೆಂಚಿನ ಮನೆ ಒಂದು, ಹಲಸಿನ ಮರ ಎರಡು. ಮುನಿತಾಯಮ್ಮ ಕಣ್ಣು ಮುಚ್ಚಿ ಒಂದೊಂದು ದಿಕ್ಕಿಗೂ ಹೂಂಗುಟ್ಟಿದಳು. ಓದು ಮುಗಿಯಿತು.

ಅವಳು ಕಣ್ಣು ಬಿಟ್ಟು ಅವರನ್ನೇ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯ.

"ಇಷ್ಟೇನಾ ಸ್ವಾಮಿ? ಇಷ್ಟೇ ಹೊತ್ತಾ ಹಿಡೀತಿದ್ದದ್ದು?"

ಸೇತುರಾಮಯ್ಯನವರು ಪತ್ರವನ್ನು ಮಡಚಲು ನೋಡಿದರು. ಮಡಿಕೆ ಸರಿಯಾಗಿ ಕೂರಲಿಲ್ಲ. ನಾನು ಹೋಗಿ ಇಸಿದುಕೊಂಡು ಮಡಚಿ, ಮುನಿತಾಯಮ್ಮನ ಕೈಗೆ ಕೊಟ್ಟೆ.