ಅಜ್ಜನ ಎಡಕ್ಕೆ ಕೂತರೆ

ನನ್ನ ಸೊಸೆಗೆ ಮೊಮ್ಮಗಳ ಬಾಯಿಂದ ಮಾತಾಡುವ ಚಟವಿತ್ತು. ಕೂಸು ಹುಟ್ಟಿದ ಮೊದಲ ತಿಂಗಳಿಂದಲೂ ತಿಂಗಳಿಗೊಂದು ಫೋಟೊ ತೆಗೆಯುತ್ತಿದ್ದಳು. ಬಿಳಿ ಚಾದರದ ಮೇಲೆ ಕೂಸನ್ನು ಮಲಗಿಸಿ, ಪಕ್ಕದಲ್ಲಿ ಕಡಲೆಬೇಳೆಯಿಂದಲೋ ಚೆಂಡುಹೂವಿನ ಎಸಳಿನಿಂದಲೋ ತಿಂಗಳ ಅಂಕಿ ಬಿಡಿಸುತ್ತಿದ್ದಳು. ಫೋನಿಗೆ ಹಾಕುವಾಗ ಅದರ ಕೆಳಗೆ ನಾಲ್ಕು ಸಾಲು ಬರೆಯುವಳು. ಆ ಸಾಲುಗಳಲ್ಲಿ ‘ನಾನು’ ಎಂದರೆ ಕೂಸು.

ಓದಿದವರಿಗೆ ಅದೊಂದು ತಮಾಷೆ. ಆದರೆ ಅವಳು ಅದನ್ನು ಬರೆಯುವ ರೀತಿ ನಾನು ಬಲ್ಲೆ. ಕೇಶ್ವಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ, ಕೂಸು ಆಡುತ್ತಿರುವಾಗ, ತಾನೂ ನೆಲದ ಮೇಲೆ ಬೋರಲು ಮಲಗುತ್ತಿದ್ದಳು. ಫರಸಿಗೆ ಗಲ್ಲ ಹಚ್ಚಿ ಕೂಸಿನ ಕಣ್ಣಿನ ಎತ್ತರದಿಂದ ಮನೆಯನ್ನು ನೋಡುತ್ತಿದ್ದಳು.

"ಮಾವಾರ, ಇಲ್ಲಿಂದ ನೋಡಿದ್ರ ನಿಮಗ ತಲಿನ ಇಲ್ರಿ. ಬರೇ ಧೋತರ ಮತ್ತ ಎರಡು ಹೆಬ್ಬೆರಳು."

"ಹಂಗಾರ ನನ್ನ ತಲಿ ಬಗ್ಗೆ ಏನೂ ಬರೀಬ್ಯಾಡವಾ," ಎನ್ನುತ್ತಿದ್ದೆ.

ಅವಳದೊಂದು ನೇಮವಿತ್ತು. ಕೂಸು ನೋಡದ್ದನ್ನು ಬರೆಯಬಾರದು. ಕೂಸಿಗೆ ಸಂಬಳ ಗೊತ್ತಿಲ್ಲ, ಹಬ್ಬ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಯಾರು ಎತ್ತಿಕೊಳ್ಳುತ್ತಾರೆ, ಯಾರು ಬೈಯುತ್ತಾರೆ, ಯಾವ ಬಾಗಿಲ ಹಿಂದೆ ಅವ್ವ ಮಾಯವಾಗುತ್ತಾಳೆ ಎಂಬುದು ಮಾತ್ರ. ಮೊದಲ ಸಾಲು ಹಿಡಿದು ನಿಲ್ಲಿಸುವಂತಿರಬೇಕು, ಯಾಕೆಂದರೆ ಫೋನಿನಲ್ಲಿ ಒಂದೆರಡು ಸಾಲಷ್ಟೇ ಕಂಡು ಉಳಿದದ್ದು ಮಡಚಿಕೊಂಡಿರುತ್ತದೆ. ಮೊದಲನೆಯದು ನಗಿಸದಿದ್ದರೆ ಯಾರೂ ಬೆರಳಿಟ್ಟು ಬಿಚ್ಚಿ ಓದುವುದಿಲ್ಲ. ಹಿರಿಯರ ಮೇಲೆ ಒಂದೊಂದು ದೂರು ಇರಲೇಬೇಕು. ಕೊನೆಗೆ ಬಂಧುಗಳಿಗೆ ಒಂದು ಮಾತು. ಆ ನೇಮವೇ ನನಗೆ ಕುತ್ತಾಗುತ್ತದೆ ಎಂದು ಆಗ ತಿಳಿದಿರಲಿಲ್ಲ.

ನನ್ನ ಎಡಗಣ್ಣು ಹೋಗಿತ್ತು. ಹೋಗಿ ಬಹಳ ದಿನವಾಗಿತ್ತು. ಅಮರಗೋಳದ ಅಡತಿ ಅಂಗಡಿಯಲ್ಲಿ ಕಾಳಿನ ತೂಕ ನೋಡುವ ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ, ಒಂದು ದಿನ ಕಂಬಕ್ಕೆ ಭುಜ ಹೊಡೆಯಿತು. ಇನ್ನೊಂದು ದಿನ ಎಡಗಡೆ ಇಟ್ಟ ಚಹಾದ ಕಪ್ಪು ಉರುಳಿತು. ಯಾರಿಗೂ ಹೇಳದೆ ಕಣ್ಣಿನ ಡಾಕ್ಟರ ಬಳಿ ಹೋದೆ. ಕಣ್ಣೊಳಗಿನ ಒತ್ತಡ ಏರಿ ನರ ಸತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ, ಬಲಗಣ್ಣು ಉಳಿಸಿಕೊಳ್ಳಲು ದಿನವೂ ಹನಿ ಹಾಕಿಕೊಳ್ಳಬೇಕು ಎಂದರು. ಗಾಡಿ ಹೊಡೆಯುತ್ತೀರೇನು ಎಂದು ಕೇಳಿದರು. ಇಲ್ಲ ಎಂದೆ. ಹೊರಗೆ ಬಂದು ನನ್ನ ಸ್ಕೂಟರ್ ಚಾಲೂ ಮಾಡಿ ಮನೆಗೆ ಹೋದೆ. ಹನಿಯ ಬಾಟಲಿ ನೋಡಿದವರಿಗೆ ಕಣ್ಣು ಒಣಗುತ್ತದೆ ಎಂದು ಹೇಳಿದೆ.

ಹೇಳದಿರಲು ಒಂದೇ ಕಾರಣ. ಹ್ಯಾಂಡಲಿನ ಹಿಂದೆ ಸಿಗಿಸುವ ಕಬ್ಬಿಣದ ಪುಟ್ಟ ಕುರ್ಚಿಯೊಂದನ್ನು ಮಗ ತಂದಿದ್ದ. ಸಂಜೆಯಾದರೆ ಕೂಸನ್ನು ಅದರಲ್ಲಿ ಕೂರಿಸಿ, ಪಟ್ಟಿ ಬಿಗಿದು, ಓಣಿಯಲ್ಲಿ ಎರಡು ಸುತ್ತು ಹಾಕಿಸುತ್ತಿದ್ದೆ. ಇಡೀ ದಿನದಲ್ಲಿ ಮನೆಯವರು ನನ್ನಿಂದ ಬಯಸುತ್ತಿದ್ದ ಕೆಲಸ ಅದೊಂದೇ. ಕೂಸಿನ ತಲೆ ನನ್ನ ಎದೆಗೆ ತಾಗುತ್ತಿತ್ತು. ನಿಜ ಗೊತ್ತಾದರೆ ಅಂದೇ ಗಾಡಿಯ ಕೀಲಿಕೈ ಕಸಿದುಕೊಳ್ಳುತ್ತಿದ್ದರು.

ಕೂಸು ಅಂಬೆಗಾಲಿಡತೊಡಗಿದ ಮೇಲೆ ಹೆದರಿಕೆ ಶುರುವಾಯಿತು. ಎಡಗಡೆಯಿಂದ ಬಂದು ಧೋತರ ಹಿಡಿದಾಗ ಬೆಚ್ಚಿ ಬೀಳುತ್ತಿದ್ದೆ. ಒಮ್ಮೆ ಅವಳ ಬೆರಳ ಮೇಲೆ ಕಾಲಿಡುವವನಿದ್ದೆ. ಸೊಸೆ ನೋಡಿಬಿಟ್ಟಳು. ಆಗ ನನ್ನ ಬಾಯಿಂದ ತಾನಾಗಿ ಬಂತು: "ಎಲ್ಲಿ ಹೋದ್ಲು ನನ್ನ ಗುಬ್ಬಿ? ಕಾಣವಲ್ಲಳಲ್ಲಾ!" ಕೂಸು ಕೇಕೆ ಹಾಕಿತು. ಸೊಸೆಯೂ ನಕ್ಕಳು. ಅಂದಿನಿಂದ ಅದು ಆಟವಾಯಿತು. ಕುರುಡನ್ನು ಮುಚ್ಚಲು ಅದಕ್ಕಿಂತ ಒಳ್ಳೆಯ ಪರದೆ ನನಗೆ ಸಿಗುತ್ತಿರಲಿಲ್ಲ.

ವರ್ಷ ತುಂಬುವ ಹಿಂದಿನ ದಿನ ಮಧ್ಯಾಹ್ನ ಸೊಸೆ ಫೋನ್ ಹಿಡಿದು ನನ್ನ ಮುಂದೆ ಕೂತಳು. ಹನ್ನೆರಡು ತಿಂಗಳ ಫೋಟೊಗಳನ್ನು ಒಂದೇ ಚೌಕಟ್ಟಿಗೆ ಜೋಡಿಸಿದ್ದಳು. ಕೆಳಗಿನ ಬರಹ ಮೊದಲು ನನಗೆ ಓದಿ ತೋರಿಸಬೇಕೆಂದು ಅವಳ ಆಸೆ.

"ನಮಸ್ಕಾರ್ರಿ, ನಾ ಈ ಮನಿಗೆ ಬಂದು ಒಂದು ವರ್ಷ ಆತು, ಇವರನ್ನ ಇನ್ನೂ ತಿದ್ದಾಕ ಆಗಿಲ್ಲ. ಅವ್ವ ದಿನಾ ನನ್ನ ಬಾಯಾಗ ಅನ್ನ ಇಡ್ತಾಳ, ನಾ ಅದನ್ನ ಮರ್ಯಾದಿಲೇ ಅಕಿ ಸೀರಿಗೆ ವಾಪಸ್ ಕೊಡ್ತೇನಿ. ಅಪ್ಪ ನನ್ನ ನೋಡ್ಬೇಕಂದ್ರ ಅವನ ಫೋನ್ ನೀರಾಗ ಹಾಕಬೇಕಾಗ್ತೈತಿ. ಹಾಕೇನಿ. ಅಜ್ಜನ ಎಡಕ್ಕ ಕುಂತ್ರ ನಾ ಅವಗ ಕಾಣಂಗಿಲ್ಲ, ಬಲಕ್ಕ ಬಂದ್ರ ಕಾಣತೇನಿ. ಇದು ನನಗಷ್ಟ ಗೊತ್ತಿರೋ ಗುಟ್ಟು. ಎಲ್ಲಾರೂ ಬರ್ರಿ. ಕೇಕ್ ನೀವು ತಿನ್ರಿ, ಮೇಣಬತ್ತಿ ನಾ ತಿಂತೇನಿ."

ಅವಳು ನಗುತ್ತ ತಲೆಯೆತ್ತಿದಳು. ನೆಲಕ್ಕೆ ಗಲ್ಲ ಹಚ್ಚಿ ಅವಳು ಎಲ್ಲವನ್ನೂ ನೋಡಿದ್ದಳು. ತಾನು ನೋಡಿದ್ದು ಏನೆಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

"ಹೆಂಗೈತ್ರಿ ಮಾವಾರ?"

"ಛಲೋ ಐತಿ. ಆ ಅಜ್ಜನ ಸಾಲೊಂದು ತಗದುಬಿಡವಾ."

"ಅಯ್ಯ, ಅದ ಎಲ್ಲಾಕಿಂತ ಛಲೋ ಐತಲ್ರಿ! ಖರೇನ ಅಕಿ ಹಂಗ ಮಾಡ್ತಾಳ. ಎಡಕ್ಕ ಹೋಗಿ ಕುಂದರ್ತಾಳ, ನೀವು ಹುಡುಕೂತನಾ ಉಸಿರು ಸೈತ ಬಿಡಂಗಿಲ್ಲ."

"ಮನಿ ಆಟ ಮಂದಿಗ್ಯಾಕ? ದೃಷ್ಟಿ ಆಗ್ತೈತಿ. ಅದರ ಬದಲಿ ಗಾಡಿದು ಬರಿ. ಅಜ್ಜನ ಗಾಡಿಗೆ ನಾನ ಡ್ರೈವರ್ ಅಂತ ಹಾಕು."

ಅವಳ ಮುಖ ಸಣ್ಣದಾಯಿತು. ಆದರೂ ಹಿರಿಯರ ಮಾತು ಎಂದು ಅಳಿಸಿದಳು. ‘ಅಜ್ಜನ ಗಾಡಿಗೆ ನಾನ ಡ್ರೈವರ್, ಅಜ್ಜ ಬರೇ ಹಿಂದ ಕುಂದರ್ತಾನ’ ಎಂದು ಹಾಕಿದಳು. ಮರುದಿನ ಬೆಳಿಗ್ಗೆ ಕೂಸು ಏಳುವ ಮೊದಲೇ ಅದು ನೆಂಟರಿಷ್ಟರ ಫೋನುಗಳಿಗೆ ಹೋಗಿಬಿಟ್ಟಿತ್ತು.

ಸಂಜೆ ಬಂದವರೆಲ್ಲ ಆ ಸಾಲನ್ನು ಬಾಯಲ್ಲಿ ಹಿಡಿದೇ ಬಂದರು. "ಎಲ್ಲದಾಳ ಡ್ರೈವರ್?" ಎಂದು ಹೊಸ್ತಿಲಲ್ಲೇ ಕೇಳುವರು. ಕೂಸಿಗೆ ಹಳದಿ ಫ್ರಾಕು ಹಾಕಿದ್ದರು, ಗಲ್ಲಕ್ಕೆ ಕಾಡಿಗೆಯ ಬೊಟ್ಟು. ಆರತಿಯಾಯಿತು, ಕೇಕ್ ಕತ್ತರಿಸಿಯಾಯಿತು. ಆಗ ನನ್ನ ಅಕ್ಕ ಎದ್ದು ನಿಂತಳು.

"ಏ ತಮ್ಮಾ, ಬರದದ್ದು ಖರೇ ಐತಿಲ್ಲೋ ನೋಡೋಣು. ಒಂದು ಸುತ್ತು ಹೊಡಸು."

"ಬ್ಯಾಡಕ್ಕಾ, ಮಂದಿ ಭಾಳ ಐತಿ."

"ಡ್ರೈವರಗ ಇಲ್ಲದ ಹೆದರಿಕಿ ಹಿಂದ ಕುಂತಾವಗ್ಯಾಕೋ?"

ಎಲ್ಲರೂ ನಕ್ಕರು. ಮಗ ಆಗಲೇ ಫೋನ್ ಹಿಡಿದು ಗೇಟಿನ ಹೊರಗೆ ನಿಂತಿದ್ದ. ಸೊಸೆ ಕೂಸನ್ನು ತಂದು ಕುರ್ಚಿಯಲ್ಲಿಟ್ಟು ಪಟ್ಟಿ ಬಿಗಿದಳು. ಆಗಲೂ ಒಂದು ಮಾತು ಹೇಳಬಹುದಿತ್ತು. ಆದರೆ ಎದುರಿಗೆ ಅಷ್ಟು ಜನ. ಗಾಡಿ ಚಾಲೂ ಮಾಡಿದೆ.

ಓಣಿಯ ತುದಿಯಲ್ಲಿ ಎಡಕ್ಕೊಂದು ಸಂದಿ ಕೂಡುತ್ತದೆ. ಬೇರೆ ದಿನ ಅಲ್ಲಿ ನಿಂತು, ತಲೆಯನ್ನು ಪೂರ್ತಿ ಹೊರಳಿಸಿ ನೋಡಿ ಮುಂದೆ ಹೋಗುವುದು ನನ್ನ ರೂಢಿ. ಅಂದು ಹಿಂದಿನಿಂದ ಚಪ್ಪಾಳೆ ಕೇಳುತ್ತಿತ್ತು. ನಾನು ನಿಲ್ಲಲಿಲ್ಲ. ತರಕಾರಿಯ ತಳ್ಳುಗಾಡಿಯ ಮೂಲೆ ಹ್ಯಾಂಡಲಿಗೆ ಬಡಿಯಿತು. ನಾವು ಬೀಳಲಿಲ್ಲ. ಕೂಸಿನ ಹಣೆ ಮಾತ್ರ ಕನ್ನಡಿಯ ಸರಳಿಗೆ ಹೊಡೆಯಿತು. ಅವಳು ಚೀರಿ ಅತ್ತಳು. ಹಳದಿ ಫ್ರಾಕಿನ ಕೊರಳಪಟ್ಟಿ ಕೆಂಪಾಗುತ್ತ ಹೋಯಿತು.

ತಳ್ಳುಗಾಡಿಯವನು ಕೈಮುಗಿದು ನಿಂತ. "ಕೂಗಿದ್ನೆಲ್ರಿ ಯಜಮಾನ್ರ, ನೀವು ಈ ಕಡೆ ನೋಡ್ಲೇ ಇಲ್ಲ." ಓಡಿ ಬಂದ ನೆಂಟರು ಅವನನ್ನೇ ಬೈದರು, ಒಬ್ಬರು ಅಂಗಿ ಹಿಡಿದು ಜಗ್ಗಿದರು. ನಾನು ಬಾಯಿ ಬಿಡಲಿಲ್ಲ. ಮಗ ಕೇಳಿದ: "ಅಪ್ಪಾ, ಅಷ್ಟು ದೊಡ್ಡ ಗಾಡಿ ಕಾಣ್ಲಿಲ್ಲೇನು?" ಬಿಸಿಲು ಕಣ್ಣಿಗೆ ಬಿತ್ತು ಎಂದೆ. ಬಿಸಿಲು ನನ್ನ ಬೆನ್ನ ಹಿಂದಿತ್ತು.

ದವಾಖಾನೆಯಲ್ಲಿ ಹುಬ್ಬಿನ ಮೇಲೆ ಹೊಲಿಗೆ ಹಾಕಿದರು. ಮನೆಗೆ ಬಂದ ಮೇಲೆ ಅಕ್ಕ ಉಪ್ಪು, ಒಣಮೆಣಸಿನಕಾಯಿ, ಕಸಬರಿಗೆಯ ಕಡ್ಡಿ ಹಿಡಿದು ಕೂಸಿಗೆ ಇಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿಯ ಘಾಟು ಬರಲಿಲ್ಲ ಎಂದಳು. "ನೋಡವಾ, ಎಂಥಾ ದೃಷ್ಟಿ ಆಗೈತಿ. ಮಂದಿಗೆಲ್ಲಾ ತೋರಿಸಿ ಹಂಗ ಬರೀಬಾರದು ಕೂಸಿನ ಸುದ್ದಿ."

ಸೊಸೆ ನನ್ನತ್ತ ನೋಡಿದಳು. ‘ದೃಷ್ಟಿ’ ಎಂಬ ಮಾತು ಹಿಂದಿನ ದಿನ ಆಡಿದವನು ನಾನು. "ಮಾವಾರು ಮೊದಲ ಹೇಳಿದ್ರು," ಎಂದಳು, "ನಾ ಒಂದ ಸಾಲು ತಗದು ಉಳಿದದ್ದು ಹಾಕಿಬಿಟ್ಟೆ." ಅಳುತ್ತಲೇ ಆ ಬರಹ ಅಳಿಸಿದಳು. ಹನ್ನೆರಡು ತಿಂಗಳ ಫೋಟೊಗಳೂ ಹೋದವು. ಆಮೇಲೆ ಅವಳು ಕೂಸಿನ ಬಾಯಿಂದ ಒಂದು ಸಾಲನ್ನೂ ಬರೆಯಲಿಲ್ಲ, ನೆಲಕ್ಕೆ ಗಲ್ಲ ಹಚ್ಚಿ ಮಲಗಲಿಲ್ಲ. ಗಾಯ ಒಣಗಿ ಹುಬ್ಬಿನಲ್ಲಿ ಒಂದು ಬೋಳು ಗೆರೆ ಉಳಿಯಿತು. ಸ್ನಾನ ಮಾಡಿಸುವಾಗಲೆಲ್ಲ ಅವಳು ಅದನ್ನು ಹೆಬ್ಬೆರಳಿಂದ ಮುಟ್ಟಿ ನೋಡುವುದನ್ನು ನಾನು ನನ್ನ ಒಂದೇ ಕಣ್ಣಿನಿಂದ ನೋಡುತ್ತಿದ್ದೆ. ಅವಳು ತನ್ನ ಬರಹಕ್ಕೆ ಹೆದರಿದಳು. ನನ್ನ ಗಾಡಿಗೆ ಹೆದರಲಿಲ್ಲ.

ಹೀಗೆ ಸುಮಾರು ಒಂದು ವರ್ಷ. ನಾನು ಮೊಣಕಾಲು ನೋವೆಂದು ಹೇಳಿ ಸ್ಕೂಟರ್ ಮುಟ್ಟಲಿಲ್ಲ. ಆದರೆ ನಡೆಯಲು ಕಲಿತ ಕೂಸು ಸಂಜೆಯಾದರೆ ಗಾಡಿಯ ಬಳಿ ಹೋಗಿ ನಿಲ್ಲುತ್ತಿತ್ತು. ಎರಡನೆಯ ಹುಟ್ಟುಹಬ್ಬ ಹತ್ತಿರ ಬಂದಾಗ ಮಗ ಸ್ಕೂಟರ್ ರಿಪೇರಿ ಮಾಡಿಸಿ ತಂದ. ಸೊಸೆ ತಾನೇ ಕೂಸನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದಳು.

"ಒಂದು ಸುತ್ತು ಹೊಡಸ್ರಿ ಮಾವಾರ. ದಿನಾ ಅಳ್ತಾಳ. ಈಗ ನಾ ಏನೂ ಬರಿಯಂಗಿಲ್ಲ, ಏನೂ ಆಗಂಗಿಲ್ಲ."

ಕೀಲಿಕೈ ನನ್ನ ಕೈಯಲ್ಲಿತ್ತು. ಅದನ್ನು ತಿರುಗಿಸಿದ್ದರೆ ಗಾಡಿ ಹೊರಡುತ್ತಿತ್ತು, ಅವಳು ಗೇಟಿನಲ್ಲಿ ನಿಂತು ಕೈ ಬೀಸುತ್ತಿದ್ದಳು. ನಾನು ಇಳಿದೆ.

"ಅವತ್ತ ನೀ ಒಂದು ಸಾಲು ಬರದಿದ್ದೆಲ್ಲವಾ, ಅಜ್ಜನ ಎಡಕ್ಕ ಕುಂತ್ರ ಕಾಣಂಗಿಲ್ಲ ಅಂತ. ಅದು ಆಟ ಅಲ್ಲ."

"ಅಂದ್ರರಿ?"

ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡೆ. ಎಲ್ಲ ಆರಿಹೋಯಿತು. ಅವಳು ಕೇಳಿದಳು: "ನನ್ನ ಕೈ ಕಾಣಾಕತ್ತೈತೇನ್ರಿ?" ಅವಳು ಕೈಯೆತ್ತಿದ್ದೇ ನನಗೆ ಗೊತ್ತಾಗಿರಲಿಲ್ಲ.

"ಅವತ್ತೂ ಹಿಂಗ ಇತ್ತೇನ್ರಿ?"

"ಅದರ ಮೊದಲಿಂದನೂ."

"ಅದಕ್ಕ ಆ ಸಾಲು ತಗಸಿದ್ರಿ."

ಅದು ಪ್ರಶ್ನೆಯಾಗಿರಲಿಲ್ಲ. ನಾನು ಕೈ ತೆಗೆಯುವಷ್ಟರಲ್ಲಿ ಪಟ್ಟಿ ಬಿಚ್ಚುವ ಸದ್ದು ಕೇಳಿತು. ಕೂಸನ್ನೆತ್ತಿಕೊಂಡು ಒಳಗೆ ಹೋದಳು. ನನ್ನ ಕೈಯಿಂದ ಕೀಲಿಕೈ ತೆಗೆದುಕೊಂಡದ್ದು ಯಾವಾಗ ಎಂದು ತಿಳಿಯಲಿಲ್ಲ. ಮರುದಿನ ಆ ಕಬ್ಬಿಣದ ಕುರ್ಚಿ ಗಾಡಿಯ ಮೇಲಿರಲಿಲ್ಲ. ತಪ್ಪು ನನ್ನದೆಂದು ಹೇಳಲು ತಳ್ಳುಗಾಡಿಯವನನ್ನು ಹುಡುಕಿಕೊಂಡು ಹೋದೆ. ಹೋದ ವರ್ಷದ ಆ ಸಂಜೆಯ ನಂತರ ಅವನು ನಮ್ಮ ಓಣಿಗೆ ಬಂದೇ ಇಲ್ಲ ಎಂದು ನೆರೆಯವರು ಹೇಳಿದರು.

ಹುಟ್ಟುಹಬ್ಬದ ಬೆಳಿಗ್ಗೆ ಸೊಸೆ ಮತ್ತೆ ಬರೆದಿದ್ದಳು. ಮಗ ತನ್ನ ಫೋನು ತಂದು ನನ್ನ ಬಲಗಡೆ ಹಿಡಿದು ತೋರಿಸಿದ. ಅವ್ವನ ಮೇಲೆ ದೂರಿತ್ತು, ಅಪ್ಪನ ಮೇಲೆ ಎರಡಿದ್ದವು, ಓಣಿಯ ಬೆಕ್ಕಿನ ಮೇಲೂ ಒಂದಿತ್ತು. ಮಡಚಿದ್ದನ್ನು ಬಿಚ್ಚಿ ಕೊನೆಯವರೆಗೂ ಓದಿದೆ. ಅಜ್ಜ ಅದರಲ್ಲಿ ಎಲ್ಲಿಯೂ ಇರಲಿಲ್ಲ.