ಗಟಾರದ ಬಜೆಟ್ಟು

ಸಂಶಿಯೊಳಗ ಜಂಪರ್ ಹೊಲಿಯೋ ಮಹಾನಂದಾ ಎಂದೂ ಅಳತಿ ತಪ್ಪಿದಾಕಿ ಅಲ್ಲ. ಅದಕ್ಕ ಓಣಿ ಸಂಘದ ಮೊದಲನೇ ಬಜೆಟ್ ಬರಿಯೋ ನೋಟಬುಕ್ಕು ಆಕಿ ಕೈಗೇ ಬಂತು. ಎಡಕ್ಕ ಜಮಾ: ಇಪ್ಪತ್ತು ಮನಿ, ಮನಿಗೆ ಮುನ್ನೂರರಂಗ ಆರು ಸಾವಿರ. ಬಲಕ್ಕ ಖರ್ಚು: ಗಟಾರ ಸ್ವಚ್ಛ ಮಾಡಸಾಕ ಐದು ಸಾವಿರ. ಸಾವಿರ ಉಳೀತು.

"ರೊಕ್ಕ ಕೊಟ್ಟವ್ರಿಗೆ ಸನ್ಮಾನ ಬ್ಯಾಡೇನವಾ?" ಅಂದಳು ಸಂಘದ ಸಭಾದಾಗ ಕುಂತಿದ್ದ ಬಾಜು ಮನಿ ರಹೀಮಾಬಿ.

ಶಾಲು, ಹಾರ ಕೂಡಿ ಮನಿಗೆ ಮುನ್ನೂರೈವತ್ತು. ಒಟ್ಟು ಏಳು ಸಾವಿರ!

"ಸನ್ಮಾನ ಬಿಡ್ರಿ, ಗಟಾರ ನಾರಾಕತ್ತೇತಿ!" ಅಂತ ಮಹಾನಂದಾ ಒದರಿದಳು.

"ಮರ್ಯಾದಿ ಪ್ರಶ್ನೆ" ಅಂದ ಮಂದಿ ಗಟಾರದ ಸಾಲನ್ನೇ ಹೊಡೆದು ಹಾಕಿಸಿತು. ಆದರೂ ಸಾವಿರ ಕಡಿಮಿ ಬಿತ್ತು.

ಆಚಿ ಓಣಿಯ ಶಂಭುಲಿಂಗಪ್ಪ ಎದ್ದು ನಿಂತ. "ಆ ಸಾವಿರ ನಾ ಕೊಡ್ತೀನಿ!"

ಎಲ್ಲಾರೂ ಚಪ್ಪಾಳಿ ತಟ್ಟಿದರು. ಮಹಾನಂದಾ ಹಲ್ಲು ಕಡಕೋತ ಬಲಕ್ಕ ಬರದಳು: ಶಂಭುಲಿಂಗಪ್ಪನವರಿಗೆ ಶಾಲು, ಹಾರ, ಮುನ್ನೂರೈವತ್ತು.