ಬೀಗರ ಸಾಲು, ನಮ್ಮ ಸಾಲು

ನನ್ನ ಸೋದರತ್ತೆ ಊಟಕ್ಕೆ ತಪ್ಪು ಸಾಲಿನಲ್ಲಿ ಕೂತಳು, ನನ್ನ ಮದುವೆ ಮುರಿಯುವ ಹಂತಕ್ಕೆ ಬಂತು. ಹೀಗೆ ಹೇಳಿದರೆ ನನ್ನ ಮೊಮ್ಮಕ್ಕಳು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ಅರಿಶಿಣ ಹಚ್ಚಿಕೊಂಡು ಆ ಹಂದರದಲ್ಲಿ ಕೂತವಳು ನಾನು.

ನಿಜಾಮನ ಆಳ್ವಿಕೆ ಮುಗಿದು ಹೊಸ ಸರಕಾರ ಬಂದ ವರ್ಷಗಳವು. ನಮ್ಮದು ಶಹಾಪುರದ ಕಡೆ ಒಂದು ಹಳ್ಳಿ, ಒಣಬೇಸಾಯದ ಮನೆತನ. ಗಂಡಿನವರು ಸುರಪುರದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಆ ಅಂಗಡಿಗೆ ಅವ್ವನ ಜೊತೆ ಹೋದಾಗ ನಾನು ಹುಡುಗನನ್ನು ನೋಡಿದ್ದೆ. ಕುಪ್ಪಸದ ಖಣ ಅಳೆಯುತ್ತ ನನ್ನ ಮುಖ ನೋಡಿ, ಅಳತೆ ಮರೆತು, ಮತ್ತೆ ಮೊದಲಿನಿಂದ ಅಳೆದಿದ್ದ. ನನಗೆ ಅಷ್ಟೇ ಸಾಕಾಗಿತ್ತು. ಮನೆಗೆ ಬಂದವಳೇ ದೇವರ ಮುಂದೆ ನಿಂತು, ಕೊಟ್ಟರೆ ಇವನಿಗೇ ಕೊಡಿಸು ಎಂದು ಬೇಡಿಕೊಂಡೆ. ದೇವರಿಗಿಂತ ಮೊದಲು ಅವ್ವನಿಗೆ ಗೊತ್ತಾಯಿತು, ಅವ್ವನಿಂದ ಅಪ್ಪನಿಗೆ.

ನಮ್ಮ ಕಡೆ ಆಗ ಮದುವೆಯೆಂದರೆ ಗಂಡಿನ ಮನೆಯ ಮುಂದೆ ಹಂದರ ಹಾಕುವುದೇ ಹೆಚ್ಚು. ಆದರೆ ಗಂಡಿನವರದು ಪೇಟೆಯ ಓಣಿಯ ಮನೆ, ಅಂಗಳವೇ ಇಲ್ಲ. ನಮ್ಮದು ಹಳ್ಳಿ, ಅಂಗಳಕ್ಕೆ ಬರವಿಲ್ಲ. ಹಾಗಾಗಿ ಮದುವೆ ನಮ್ಮಲ್ಲಿ, ಖರ್ಚು ಎರಡೂ ಕಡೆ ಹಂಚಿಕೊಳ್ಳುವುದು ಎಂದು ಮಾತಾಯಿತು. ಮಾತಾದದ್ದು ಸುಲಭ, ಹಂಚುವುದು ಹೇಗೆ? ಮೊದಲ ಜಗಳ ಯಾವ ರೂಪಾಯಿ ಎಂಬುದರ ಮೇಲೆ. ಆಗ ನಿಜಾಮನ ಹಾಲಿ ರೂಪಾಯಿಯೂ ನಡೆಯುತ್ತಿತ್ತು, ಇಂಡಿಯಾ ಸರಕಾರದ ಕಲ್ದಾರ್ ರೂಪಾಯಿಯೂ ನಡೆಯುತ್ತಿತ್ತು, ಕಲ್ದಾರಿನ ಬೆಲೆ ಒಂದು ಕೈ ಮೇಲು. ಬೆಲ್ಲ, ಗೋಧಿ ಕೊಡುವ ನಮ್ಮೂರ ಕಿರಾಣಿ ಅಂಗಡಿಯ ಶೆಟ್ಟರು ಹಾಲಿಯಲ್ಲೇ ದರ ಹೇಳಿದ್ದರಿಂದ ಎಲ್ಲ ಲೆಕ್ಕ ಹಾಲಿಯಲ್ಲೇ ಎಂದಾಯಿತು. ಲೆಕ್ಕ ನೋಡುವ ಕೆಲಸವನ್ನೂ ಎರಡೂ ಕಡೆಯವರು ಆ ಶೆಟ್ಟರ ತಲೆಗೇ ಕಟ್ಟಿದರು.

ಹಂದರ, ಸನಾದಿ ಊದುವವರು, ಹಲಗಿ ಬಾರಿಸುವವರು, ಈ ಖರ್ಚು ಅರ್ಧರ್ಧ. ಅವರವರ ಮನೆಯ ಶಾಸ್ತ್ರ ಅವರವರಿಗೆ. ಇಷ್ಟರವರೆಗೆ ಎಲ್ಲರೂ ತಲೆಯಾಡಿಸಿದರು. ನಮ್ಮ ಮನೆಯಲ್ಲಿ ಸುರಗಿ ನೀರು ಒಂದೇ ಸಲ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ದಾರ ಸುತ್ತಿ, ನಡುವೆ ಕೂರಿಸಿ ನೀರು ಹಾಕಿದರೆ ಮುಗಿಯಿತು. ಅವರಲ್ಲಿ ಅದಾದ ಮೇಲೆ ಐದು ಮಂದಿ ಮುತ್ತೈದೆಯರಿಗೆ ಉಡಿ ತುಂಬಿ ಉಣಿಸಬೇಕು. ಆ ಐದು ಜನ ಸಿಗುವುದು ನಮ್ಮ ಊರಲ್ಲಿ, ಶಾಸ್ತ್ರ ಅವರದು. ಆ ಊಟ ಯಾರ ಖರ್ಚು ಎಂದು ಮಧ್ಯಾಹ್ನದವರೆಗೆ ಕೂಗಾಡಿ, ಶಾಸ್ತ್ರ ಯಾರದೋ ಊಟ ಅವರದು ಎಂದು ಶೆಟ್ಟರು ತೀರ್ಮಾನಿಸಿದರು.

ಕಷ್ಟವಿದ್ದದ್ದು ಜನರ ಊಟದ್ದು. ಪೇಟೆಯವರು ಕರೆಯುವುದು ಮನೆಗೆ ಒಬ್ಬರನ್ನು. ನಮ್ಮ ಹಳ್ಳಿಯಲ್ಲಿ ಮದುವೆಗೆ ಕರೆಯಲು ಹೋದವರು ಹೇಳುವುದೇ ಬೇರೆ.

"ಇವತ್ತ ಒಲಿ ಹಚ್ಚಬ್ಯಾಡ್ರಿ."

ಅಂದರೆ ತೊಟ್ಟಿಲ ಕೂಸಿನಿಂದ ಹಿಡಿದು ಮುದುಕಿಯವರೆಗೆ, ಮನೆಗೆ ಬಂದ ನೆಂಟರೂ ಸೇರಿ, ಎಲ್ಲರೂ ನಮ್ಮಲ್ಲೇ ಉಣ್ಣಬೇಕು. ಇದನ್ನು ಕೇಳಿ ನನ್ನ ಮಾವನವರಾಗಬೇಕಿದ್ದವರು, ಗಂಡಿನ ತಂದೆ, ಗಾಬರಿಯಾದರು.

"ಬೀಗರ, ನೀವು ಊರಿಗೆ ಊರೇ ಕರದ್ರ ನಾ ಹ್ಯಾಂಗ ಅರ್ಧ ಕೊಡ್ಲಿ? ನಮ್ಮ ಮಂದಿ ನಾಕು ಗಾಡಿ ತುಂಬೂದಿಲ್ಲ."

"ಅರ್ಧ ಯಾರು ಕೇಳ್ಯಾರ್ರಿ?" ಅಪ್ಪನಿಗೆ ಸಿಟ್ಟು ಬಂತು. "ನಿಮ್ಮ ಮಂದಿ ಉಂಡದ್ದು ನೀವು ಕೊಡ್ರಿ, ನಮ್ಮ ಮಂದಿ ಉಂಡದ್ದು ನಾ ಕೊಡ್ತೀನಿ."

ಉಪಾಯ ಹೊಳೆದದ್ದು ಶೆಟ್ಟರಿಗೆ. ಮುತ್ತಲ ಎಲೆಯ ಪತ್ರಾವಳಿ ಎರಡೂ ಕಡೆಯವರು ಬೇರೆಬೇರೆ ತರುವುದು. ಪಡಸಾಲೆಯ ಕಡೆಯ ಸಾಲು ನಮ್ಮದು, ಬೇವಿನ ಮರದ ಕಡೆಯ ಸಾಲು ಬೀಗರದು. ಕೊನೆಗೆ ಯಾರ ಎಲೆ ಎಷ್ಟು ಖರ್ಚಾಯಿತು ಎಂದು ನೋಡಿ, ಅಡುಗೆಯ ಒಟ್ಟು ಖರ್ಚನ್ನು ಆ ಪ್ರಕಾರ ಹಂಚುವುದು. ಬೇರೆ ಎಲೆ ಹಾಕಿಸಿಕೊಂಡು ಕೂತ ಮಗು ಒಂದು ಲೆಕ್ಕ, ತಾಯಿಯ ಎಲೆಯಲ್ಲೇ ಉಂಡರೆ ಲೆಕ್ಕಕ್ಕಿಲ್ಲ. ಎಲ್ಲರೂ ಶೆಟ್ಟರನ್ನು ಹೊಗಳಿದ್ದೇ ಹೊಗಳಿದ್ದು.

ಮದುವೆಯ ಹಿಂದಿನ ದಿನ ಅರಿಶಿಣ, ಸುರಗಿ. ನನ್ನನ್ನೂ ಹುಡುಗನನ್ನೂ ಒಟ್ಟಿಗೆ ಕೂರಿಸಿ ನೀರು ಹಾಕಿದರು. ತಣ್ಣೀರು ಬಿದ್ದಾಗ ಅವನು ಸಣ್ಣ ಹುಡುಗನ ಹಾಗೆ ಚೀರಿದ. ನಾನು ನಕ್ಕೆ. ಮದುಮಗಳು ನಗಬಾರದೆಂದು ಅವ್ವ ತೊಡೆಗೆ ಚಿವುಟಿದಳು. ಚಿವುಟಿದ್ದಕ್ಕೆ ಇನ್ನೂ ನಗು ಬಂತು. ಅಷ್ಟು ಸಂತೋಷ ಆಮೇಲೆ ನನಗೆ ಬಹಳ ಸಲ ಆಗಿಲ್ಲ.

ಸುರಗಿ ಮುಗಿದದ್ದೇ ಊಟ ಶುರುವಾಯಿತು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಕಟ್ಟಿನ ಸಾರು. ಊರಿಗೆ ಊರೇ ಬಂದು ನಮ್ಮ ಸಾಲು ಹಿತ್ತಿಲಿನವರೆಗೆ ಬೆಳೆಯಿತು. ತಾಯಂದಿರು ಮೂರು ಮೂರು ಮಕ್ಕಳನ್ನು ಒಂದೇ ಎಲೆಗೆ ಕೂರಿಸಿಕೊಂಡಿದ್ದರು. ಬೀಗರ ಸಾಲಿನಲ್ಲಿ ಅರ್ಧಕ್ಕರ್ಧ ಜಾಗ ಖಾಲಿ. ಅಪ್ಪ ಬೆವರು ಒರೆಸಿಕೊಳ್ಳುತ್ತ ಹುಗ್ಗಿಯ ಹಂಡೆಯ ಹತ್ತಿರ ಹೋದ. ಅಪ್ಪನ ಆ ಮುಖವನ್ನು ಸೋದರತ್ತೆ ನೋಡಿದಳು. ತಮ್ಮನೆಂದರೆ ಅವಳಿಗೆ ಜೀವ. ತನ್ನ ಎಲೆ ಬೀಳುವ ಮೊದಲೇ ನಮ್ಮ ಸಾಲಿನಿಂದ ಸೀರೆ ಕೊಡವಿಕೊಂಡು ಎದ್ದು, ಹಂದರ ದಾಟಿ, ಬೀಗರ ಸಾಲಿನಲ್ಲಿ ಗಟ್ಟಿಯಾಗಿ ಕೂತಳು.

"ಯಕ್ಕಾ, ಅದು ಗಂಡಿನವರ ಸಾಲು" ಎಂದರು ಶೆಟ್ಟರು.

"ನಾ ಮತ್ಯಾರು? ನನ್ನ ನಾದಿನಿನ್ನ ಈ ಬೀಗರ ದೊಡ್ಡಪ್ಪನ ಮನಿಗೇ ಕೊಟ್ಟೈತಿ. ನಾನು ಗಂಡಿನ ಕಡಿಯಾಕಿ. ಎಲಿ ಹಾಕ್ರಿ."

ಎಲೆ ಹಾಕದೆ ಏನು ಮಾಡುತ್ತಾರೆ? ನಂಟಸ್ತನ ಸುಳ್ಳಲ್ಲ. ಅಷ್ಟೇ ಸಾಕಾಯಿತು. ನಮ್ಮೂರಿಗೆ ಒಮ್ಮೆಲೇ ಸುರಪುರದ ನೆಂಟರು ನೆನಪಾದರು. ಒಬ್ಬನ ಷಡ್ಡಕ, ಒಬ್ಬಳ ತವರಿನ ಅತ್ತಿಗೆ, ಇನ್ನೊಬ್ಬನ ಅಜ್ಜಿಯ ಅಕ್ಕ. ನಂಟಸ್ತನ ಸಿಗದವರು ಬೀಗರ ಅಂಗಡಿಯಲ್ಲಿ ಧೋತರ ಕೊಂಡಿದ್ದೇವೆ ಎಂದು ಹೇಳಿ ಕೂತರು. ನೋಡನೋಡುತ್ತಿದ್ದಂತೆ ನಮ್ಮ ಸಾಲು ಬರಿದಾಗಿ ಬೀಗರ ಸಾಲು ಬೇವಿನ ಮರ ಸುತ್ತಿ ರಸ್ತೆಗೆ ಬಂತು. ಬೀಗರು ತಂದ ಪತ್ರಾವಳಿ ಮುಗಿಯುತ್ತ ಬಂದವು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ.

ಆಮೇಲೆ ಮಾವನವರ ದನಿ ಕೇಳಿತು.

"ಶೆಟ್ರ, ಇದು ಮೊದಲ ಮಾತಾಡಿಕೊಂಡು ಮಾಡಿದ ಆಟ. ನಾನೂ ವ್ಯಾಪಾರ ಮಾಡಾಂವ, ನನಗ ತಿಳೀತೈತಿ."

ಅಪ್ಪ ಹಂಡೆಯ ಹತ್ತಿರದಿಂದ ಸೌಟು ಹಿಡಿದುಕೊಂಡೇ ಬಂದ. "ಬೀಗರ, ನನಗ ಗೊತ್ತಿಲ್ಲದ ನಡದದ್ದು. ನಾ ಬಡವ ಇರಬಹುದು, ಕಳ್ಳ ಅಲ್ರಿ."

"ಗೊತ್ತಿಲ್ಲಂದ್ರ ನಿಮ್ಮ ಅಕ್ಕನ್ನ ಎಬ್ಬಸ್ರಿ."

"ಎಲಿ ಮ್ಯಾಲಿಂದ ಯಾರ್ನೂ ಎಬ್ಬಸಂಗಿಲ್ಲ."

"ಹಂಗಾರ ಗಾಡಿ ಕಟ್ರಪಾ!" ಮಾವನವರು ತಮ್ಮ ಆಳುಗಳ ಕಡೆ ತಿರುಗಿ ಕೂಗಿದರು. "ಇಂಥಾ ಮನಿ ಹೆಣ್ಣು ನಮಗ ಬ್ಯಾಡ."

ಸನಾದಿ ನಿಂತಿತು. ನಾನು ಬಾಯಿಂದ ಸೆರಗು ತೆಗೆದೆ. ಅರಿಶಿಣ ಹಚ್ಚಿದ ಮೇಲೆ ಗಾಡಿ ತಿರುಗಿದರೆ ನನ್ನನ್ನು ಮತ್ತೆ ಯಾರು ಕೇಳುತ್ತಾರೆ? ಅದಕ್ಕಿಂತ ಹೆಚ್ಚಾಗಿ, ನನಗೆ ಬೇಕಾದದ್ದು ಇವನೇ. ಅವ್ವ ನನ್ನ ಕೈ ಹಿಡಿದುಕೊಂಡಳು.

ಆಗ ಹುಡುಗ ಎದ್ದ. ಒದ್ದೆ ಧೋತರ, ಮೈತುಂಬ ಅರಿಶಿಣ. ಅಪ್ಪನ ಹತ್ತಿರ ಹೋಗುತ್ತಾನೋ, ಮಾವನವರ ಹತ್ತಿರವೋ ಎಂದು ಎಲ್ಲರೂ ನೋಡಿದರು. ಅವನು ಸೀದಾ ಹೋಗಿ, ಖಾಲಿಯಾಗಿದ್ದ ನಮ್ಮ ಸಾಲಿನ ನಡುವೆ ಚಕ್ಕಳಮಕ್ಕಳ ಹಾಕಿ ಕೂತ.

"ಶೆಟ್ರ, ನನಗೊಂದು ಎಲಿ ಹಾಕ್ರಿ. ನಾ ಹೆಣ್ಣಿನ ಕಡ್ಯಾಂವ."

"ಏ ಹುಚ್ಚಪ್ಯಾಲಿ, ಏಳು!" ಮಾವನವರು ಗದರಿದರು. "ಬೀಗರ ಖರ್ಚಿನಾಗ ಉಣ್ತೀ?"

"ಅಪ್ಪಾ, ಅವರ ಮಂದಿ ನಮ್ಮ ಸಾಲಿಗೆ ಬಂದಾರ. ನಮ್ಮ ಮಂದಿಯೊಳಗ ಯಾರರ ಒಬ್ರು ಈ ಕಡಿ ಬರಬೇಕಲ್ಲ. ಮತ್ತ ನನಗ ಹಸಿವ್ಯಾಗೈತಿ. ಮುಂಜಾನಿಂದ ನನಗೂ ಆಕಿಗೂ ಯಾರೂ ಒಂದು ಎಲಿ ಹಾಕಿಲ್ಲ."

ಮಾತು ನಿಜ. ಲೆಕ್ಕದ ಗದ್ದಲದಲ್ಲಿ ಮದುಮಕ್ಕಳಿಗೆ ಉಣಿಸುವುದನ್ನು ಎರಡೂ ಕಡೆಯವರು ಮರೆತಿದ್ದರು. ನನಗೆ ಎಲ್ಲಿಂದ ಧೈರ್ಯ ಬಂತೋ ತಿಳಿಯದು. ಅವ್ವನ ಕೈ ಬಿಡಿಸಿಕೊಂಡು ಹೋಗಿ, ಬೀಗರ ಸಾಲಿನಲ್ಲಿ ಸೋದರತ್ತೆಯನ್ನು ಒತ್ತರಿಸಿ ಪಕ್ಕದಲ್ಲಿ ಕೂತೆ. ಮೊದಲು ನಕ್ಕವಳು ಅವಳೇ. ಅವಳ ಬಾಯಲ್ಲಿದ್ದ ಹುಗ್ಗಿ ನೆತ್ತಿಗೇರಿ ಕೆಮ್ಮತೊಡಗಿದಳು. ಅವಳ ಬೆನ್ನು ಗುದ್ದುತ್ತ ಪಕ್ಕದವಳು ನಕ್ಕಳು. ಆ ನಗು ಸಾಲು ಹಿಡಿದು ರಸ್ತೆಯವರೆಗೂ ಹೋಯಿತು. ಎತ್ತು ಹೂಡಲು ನಿಂತಿದ್ದ ಆಳು ನೊಗ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡ. ಮಾವನವರು ಮೀಸೆಯ ಮೇಲೆ ಕೈಯಿಟ್ಟು ತಡೆದುಕೊಳ್ಳಲು ನೋಡಿದರು, ಆಗಲಿಲ್ಲ.

ಸಮಯ ನೋಡಿ ಶೆಟ್ಟರು ಬಾಯಿ ಹಾಕಿದರು. ಒಲೆ ಹಚ್ಚಬೇಡಿ ಎಂದು ಕರೆಸಿಕೊಂಡವರು ಯಾವ ಸಾಲಿನಲ್ಲಿ ಕೂತರೂ ನಮ್ಮ ಲೆಕ್ಕ. ಬೀಗರು ಕರೆದವರು ಬೀಗರ ಲೆಕ್ಕ. ಎರಡೂ ಕಡೆಗೆ ನಿಜವಾದ ನಂಟಸ್ತನ ಇದ್ದವರ ಎಲೆ ಅರ್ಧರ್ಧ.

"ಊರು ಕರದಾಂವ ನಾನು. ಊರ ಎಲಿ ನಂದ" ಎಂದ ಅಪ್ಪ.

"ಹಂಗಾರ ನಂದು ಅರ್ಧ ಎಲಿ?" ಸೋದರತ್ತೆ ಕೇಳಿದಳು. "ಇನ್ನೊಂದು ಸೌಟು ಹುಗ್ಗಿ ಹಾಕ್ರಿ, ಪೂರಾ ಮಾಡಿಬಿಡ್ತೀನಿ."

ಮಾವನವರು ತಾವೇ ಸೌಟು ತೆಗೆದುಕೊಂಡು ಅವಳಿಗೆ ಬಡಿಸಿದರು. ಸನಾದಿ ಮತ್ತೆ ಶುರುವಾಯಿತು. ಊಟವಾದ ಮೇಲೆ ಹಂದರದಲ್ಲೇ ಕಂಬಳಿ ಹಾಸಿ ಲೆಕ್ಕಕ್ಕೆ ಕೂತರು. ಯಾರದು ಇಡೀ, ಯಾರದು ಅರ್ಧ ಎಂದು ಕೂಗಿ ಕೂಗಿ ಶೆಟ್ಟರ ದನಿ ಬಿದ್ದುಹೋಯಿತು. ಹುಡುಗ ಉಂಡ ಎಲೆಯನ್ನು ಮಾವನವರು ತಮ್ಮ ಲೆಕ್ಕಕ್ಕೆ ಹಾಕಿಸಿಕೊಂಡರು. ಕೊನೆಗೆ ಉಳಿದದ್ದು ನನ್ನದು.

"ಅದೂ ನಮಗ ಹಚ್ರಿ" ಎಂದರು ಮಾವನವರು, ದೊಡ್ಡ ಮನಸ್ಸಿನಿಂದ. "ನಮ್ಮ ಸಾಲಿನಾಗ ಕುಂತು ಉಂಡಾಳ. ಇನ್ನ ಆಕಿ ನಮ್ಮಾಕಿ."

ಶೆಟ್ಟರು ಬರೆಯಲು ಹೊರಟರು. ಒಂದೊಂದು ಎಲೆಗೂ ವಾದ ಮಾಡಿದ್ದ ಅಪ್ಪ, ಶೆಟ್ಟರ ಕೈ ಹಿಡಿದ.

"ಬ್ಯಾಡ್ರಿ" ಎಂದ. "ನಾಳಿಂದ ಆಕಿಗೆ ದಿನಾ ನೀವ ಉಣಸವ್ರು. ಇವತ್ತಿಂದು ನನ್ನ ಲೆಕ್ಕದಾಗ ಇರಲಿರಿ."